ರಾತ್ರಿ ಪಾಳಿಯವರ ಮುಂದೆ ಕಾಫಿ, ನಿದ್ದೆ, ಕುಡಿತದ ಮಾತು

ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ವೈದ್ಯೆ ನಾನು. ರಾತ್ರಿ ಪಾಳಿಯವರ ಜೊತೆ ನಿದ್ದೆಯ ಬಗ್ಗೆ ಮಾತಾಡುವುದು ನನ್ನ ಕೆಲಸದ ಒಂದು ಭಾಗ. ಈ ಮಾತನ್ನು ಪಾಳಿ ಶುರುವಾಗುವ ಮೊದಲೇ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಪಾಳಿ ಮುಗಿದ ಮೇಲೆ ಯಾರಿಗೂ ಕೇಳುವ ಶಕ್ತಿ ಇರುವುದಿಲ್ಲ. ಮೇಲ್ವಿಚಾರಕರನ್ನು ಹೊರಗೆ ಇರಲು ಕೇಳಿಕೊಳ್ಳುತ್ತೇನೆ. ಅವರು ಕೂತಿದ್ದರೆ ಕುಡಿತದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ?

ಮೊದಲು ಎಲ್ಲರಿಗೂ ಒಂದೊಂದು ಚೀಟಿ. ಹೆಸರು ಬೇಡ. ಕಾಫಿ, ಟೀ ಕುಡಿದ ಹೊತ್ತು, ಮಲಗಿದ ಹೊತ್ತು, ಎಚ್ಚರವಾದ ಹೊತ್ತು ಬರೆಯಬೇಕು. ಮಲಗುವ ಮುಂಚೆ ಮದ್ಯ ಕುಡಿದಿದ್ದರೆ ಅದನ್ನೂ ಬರೆಯಬೇಕು. ಚೀಟಿಗಳನ್ನು ಕಲೆಸಿ, ಒಂದನ್ನು ತೆಗೆದು ಬೋರ್ಡಿನ ಮೇಲೆ ಗಂಟೆಗಳ ಗೆರೆ ಎಳೆಯುತ್ತೇನೆ.

ಇಂಥ ಒಂದು ಚೀಟಿಯಲ್ಲಿ ಹೀಗಿತ್ತು: ಪಾಳಿ ರಾತ್ರಿ 10ರಿಂದ ಬೆಳಿಗ್ಗೆ 6. ಕಾಫಿ 10ಕ್ಕೆ, 1ಕ್ಕೆ, 4.30ಕ್ಕೆ. ಬೆಳಿಗ್ಗೆ 7ಕ್ಕೆ 60 ಮಿಲಿಯ ಎರಡು ಪೆಗ್. 8ಕ್ಕೆ ಮಲಗಿದ್ದು, 12ಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ನಿದ್ದೆಯ ಒತ್ತಡ ಬರುವುದು ಅದರಿಂದ. ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರುತ್ತದೆ. ದಣಿವು ಹಾಗೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚಿನವರಲ್ಲಿ ಸುಮಾರು 5 ಗಂಟೆ ಬೇಕು. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಜಾಸ್ತಿ ಹೊತ್ತು. ಅಂದರೆ 4.30ರ ಕಾಫಿಯ ಅರ್ಧ 9.30ಕ್ಕೂ ಮೈಯಲ್ಲೇ ಇದೆ. 8ಕ್ಕೆ ಮಲಗಿದರೆ ನಿದ್ದೆ ಹೇಗೆ ಹತ್ತಬೇಕು? ಅದಕ್ಕೇ ಪೆಗ್ ಬೇಕಾಗಿದ್ದು.

ಪೆಗ್ ಬೇಗ ನಿದ್ದೆ ಹತ್ತಿಸುತ್ತದೆ, ಸುಳ್ಳಲ್ಲ. ಅದನ್ನು ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ. ಇಲ್ಲದಿದ್ದರೆ ಮುಂದಿನ ಮಾತು ಯಾರೂ ನಂಬುವುದಿಲ್ಲ. ಆದರೆ ಅಷ್ಟು ಮದ್ಯ ಮೈಯಿಂದ ಹೋಗಲು ಸುಮಾರು ನಾಲ್ಕೈದು ಗಂಟೆ ಬೇಕು. ಅದು ಇಳಿಯುತ್ತಿದ್ದಂತೆ ನಿದ್ದೆ ಹಗುರಾಗಿ ಒಡೆಯುತ್ತದೆ. ರಾತ್ರಿ ಮಲಗುವವರಿಗೆ ಇದು ನಸುಕಿನಲ್ಲಿ ಆಗುತ್ತದೆ, ಅವರು ಹೊರಳಾಡಿ ಮತ್ತೆ ಮಲಗಬಹುದು. ಹಗಲು ಮಲಗುವವರಿಗೆ ಮಧ್ಯಾಹ್ನದ ಹೊತ್ತಿಗೆ ಆಗುತ್ತದೆ. ಮೈಯ ಒಳಗಿನ ಗಡಿಯಾರ ಆಗಲೇ 'ಏಳು' ಅನ್ನುತ್ತಿರುತ್ತದೆ. ಎರಡೂ ಸೇರಿದರೆ ಮರಳಿ ನಿದ್ದೆ ಹತ್ತುವುದು ಕಷ್ಟ. ಗೊರಕೆ ಇರುವವರಿಗೆ ಉಸಿರಾಟದ ತೊಂದರೆಯೂ ಹೆಚ್ಚುತ್ತದೆ. ಇನ್ನು ನಿದ್ದೆ ಮಾತ್ರೆಯ ಜೊತೆ ಮದ್ಯ ಬೇಡವೇ ಬೇಡ, ಉಸಿರೇ ನಿಲ್ಲಬಹುದು.

ನಾಲ್ಕೇ ಗಂಟೆ ಮಲಗಿದವರಿಗೆ ಆ ರಾತ್ರಿ ಕಾಫಿ ಇನ್ನೂ ಜಾಸ್ತಿ ಬೇಕು. ಬೆಳಿಗ್ಗೆ ಪೆಗ್ ಕೂಡ ಬೇಕು. ಕೆಲವೇ ದಿನಗಳಲ್ಲಿ ಎರಡು ಪೆಗ್‌ಗೆ ಮೊದಲಿನಷ್ಟು ನಿದ್ದೆ ಬರುವುದಿಲ್ಲ, ಅಳತೆ ಏರುತ್ತದೆ. ಹಾಗಾಗಿ ನಾನು ಪೆಗ್ ಬಿಡಿ ಎಂದು ಶುರು ಮಾಡುವುದಿಲ್ಲ. ಮೊದಲು 4.30ರ ಕಾಫಿಯನ್ನು ಬಿಡಲು ಹೇಳುತ್ತೇನೆ. ಅದು ನಿಲ್ಲುವವರೆಗೆ ಪೆಗ್ ಬಿಡುವುದು ಬಲು ಕಷ್ಟ.

ಆ ಚೀಟಿಗೆ ಬರೆದುಕೊಟ್ಟಿದ್ದು ಇಷ್ಟು. ಕಾಫಿ 10ಕ್ಕೆ ಒಂದು, 1ಕ್ಕೆ ಒಂದು, ಆಮೇಲೆ ಇಲ್ಲ. ಟೀ, ಕೋಲಾ, ಎನರ್ಜಿ ಡ್ರಿಂಕ್ ಕೂಡ ಅದೇ ಲೆಕ್ಕ. 1ರ ಹೊತ್ತಿಗೆ ಬಿಡುವು ಇದ್ದರೆ, ಕಾಫಿ ಕುಡಿದ ಕೂಡಲೇ 20 ನಿಮಿಷ ಕಣ್ಣು ಮುಚ್ಚಿ. ಕೆಫೀನ್ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಒಂದು ಜೊಂಪು ಆಗಿರುತ್ತದೆ. ಎದ್ದ ಮೇಲೆ ಸ್ವಲ್ಪ ಹೊತ್ತು ಯಂತ್ರ ಮುಟ್ಟಬೇಡಿ, ಮಂಪರು ಪೂರ್ತಿ ಹೋಗಲಿ. 4ರ ಹೊತ್ತಿಗೆ ಮೈ ಕುಸಿಯುವುದು ಸಹಜ. ಆಗ ಜೋರು ಬೆಳಕಿನಲ್ಲಿ ಓಡಾಡಿ, ತಪ್ಪಾದರೆ ಅಪಾಯವಾಗುವ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಕಣ್ಣು ಎಳೆಯುತ್ತಿದ್ದರೆ ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಡಿ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ.

ಪೆಗ್ ಬಿಟ್ಟ ಮೊದಲ ಕೆಲವು ದಿನ ನಿದ್ದೆ ಇನ್ನೂ ಕೆಡಬಹುದು. ಇದನ್ನು ಮುಂಚೆಯೇ ಹೇಳಲೇಬೇಕು. ಇಲ್ಲದಿದ್ದರೆ 'ನೋಡಿ, ಕುಡಿಯದೆ ನನಗೆ ನಿದ್ದೆ ಬರಲ್ಲ' ಎಂದು ಎರಡನೇ ದಿನವೇ ಮರಳುತ್ತಾರೆ.

ಆದರೆ ದಿನಾ ಜಾಸ್ತಿ ಕುಡಿಯುವವರಿಗೆ ನನ್ನ ಮಾತು ಬೇರೆ. ಕುಡಿಯದೆ ಇದ್ದಾಗ ಕೈ ನಡುಗುತ್ತದೆಯೇ, ಬೆವರುತ್ತದೆಯೇ, ಎದೆ ಬಡಿತ ಏರುತ್ತದೆಯೇ? ಹಾಗಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರಿಗೆ ವೈದ್ಯರ ಕಣ್ಗಾವಲಿನಲ್ಲಿ ಔಷಧಿ ಕೊಟ್ಟು ನಿಲ್ಲಿಸಬೇಕು. ಅದಕ್ಕೇ ಮಾತು ಮುಗಿದ ಮೇಲೂ ಬಾಗಿಲ ಹತ್ತಿರ ಒಬ್ಬಳೇ ನಿಂತಿರುತ್ತೇನೆ. ಚೀಟಿಯಲ್ಲಿ ಬರೆಯದಿದ್ದನ್ನು ಹೇಳಬೇಕಾದವರು ಆಗ ಬರುತ್ತಾರೆ.