ಕೊಟ್ಟ ಅಡ್ವಾನ್ಸು ಕೊನೆಯ ಬಿಲ್ಲಿನಲ್ಲಿ ಎಲ್ಲಿ ಕಳೆಯಬೇಕು?

ಬದಿಯಡ್ಕದ ಒಂದು ವೆಲ್ಡಿಂಗ್ ಶಾಪಿನವರು ಕುಂಬಳೆಯ ಒಂದು ಮನೆಯ ಅಡಿಕೆ ಅಂಗಳಕ್ಕೆ ಶೀಟಿನ ಮಾಡು ಹಾಕಿಕೊಡಲು ಒಪ್ಪಿದ್ದಾರೆ ಎಂದಿಟ್ಟುಕೊಳ್ಳೋಣ. 1,200 ಚದರಡಿ, ಅಡಿಗೆ 250 ರೂಪಾಯಿ, ಶೇ. 18 ಜಿಎಸ್‌ಟಿ ಬೇರೆ. ಮನೆಯವರು ಒಂದು ಲಕ್ಷ ಅಡ್ವಾನ್ಸು ಕೊಟ್ಟರು. ಕೆಲಸ ಮುಗಿದು ಅಳತೆ ಹಿಡಿದಾಗ 1,260 ಚದರಡಿ ಆಯಿತು. ಈಗ ಬಾಕಿ ಎಷ್ಟು? ಒಬ್ಬರ ಲೆಕ್ಕದಲ್ಲಿ 2,71,700, ಇನ್ನೊಬ್ಬರ ಲೆಕ್ಕದಲ್ಲಿ 2,53,700. ನಡುವಿನ ಹದಿನೆಂಟು ಸಾವಿರಕ್ಕೆ ಜಗಳ ಹುಟ್ಟುವುದು ಯಾರೂ ಮೋಸ ಮಾಡಿದ್ದರಿಂದ ಅಲ್ಲ, ಒಂದು ಲಕ್ಷವನ್ನು ತೆರಿಗೆಗೆ ಮೊದಲು ಕಳೆಯುವುದೋ ನಂತರ ಕಳೆಯುವುದೋ ಎಂದು ಎಲ್ಲಿಯೂ ಬರೆದಿಡದ್ದರಿಂದ.

ಮೊದಲು ಕೊಟೇಶನ್

ಅಡ್ವಾನ್ಸಿನ ಮಾತು ಕೊಟೇಶನ್ನಿನಲ್ಲೇ ಬರಬೇಕು, ಬಿಲ್ಲು ಬರೆಯುವಾಗ ತಡವಾಗಿರುತ್ತದೆ. ‘ಅಡ್ವಾನ್ಸ್ 1 ಲಕ್ಷ’ ಎಂದಷ್ಟೇ ಬರೆದರೆ ಅದರೊಳಗೆ ತೆರಿಗೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

“ಮುಂಗಡ ರೂ. 1,00,000. ಜಿಎಸ್‌ಟಿ ಇದರೊಳಗೇ ಸೇರಿದೆ. ಕೊನೆಯ ಬಿಲ್ಲಿನಲ್ಲಿ ಕೆಲಸದ ಪೂರ್ತಿ ಮೊತ್ತ ಮತ್ತು ಅದರ ಮೇಲಿನ ಜಿಎಸ್‌ಟಿ ಕೂಡಿಸಿದ ನಂತರ ಈ ಮುಂಗಡವನ್ನು ಪೂರ್ತಿಯಾಗಿ ಕಳೆದು ಬಾಕಿ ತೋರಿಸಲಾಗುವುದು. ಅಳತೆ ಹೆಚ್ಚು ಕಡಿಮೆಯಾದರೂ ಮುಂಗಡದ ಮೊತ್ತ ಬದಲಾಗುವುದಿಲ್ಲ.”

ಕೆಲಸ ದೊಡ್ಡದಾಗಿ ನಡುನಡುವೆ ಬಿಲ್ಲು ಮಾಡುವುದಿದ್ದರೆ ಇನ್ನೊಂದು ಸಾಲು ಬೇಕು: ಅಡ್ವಾನ್ಸನ್ನು ಮೊದಲ ಬಿಲ್ಲಿನಲ್ಲೇ ಮುಗಿಸುವುದೋ, ಪ್ರತಿ ಬಿಲ್ಲಿನಲ್ಲಿ ಇಂತಿಷ್ಟು ಶೇಕಡಾ ಕಳೆಯುತ್ತ ಹೋಗುವುದೋ. ಈ ಸಾಲು ಇಲ್ಲದಿದ್ದರೆ ಮನೆಯವರು ಮೊದಲ ಬಿಲ್ಲಿಗೇ ಕಳೆದುಕೊಂಡು ಹಣ ಕೊಡುತ್ತಾರೆ, ಶೀಟು ತರಿಸಲು ಇಟ್ಟ ದುಡ್ಡು ಶಾಪಿನವರ ಕೈಯಿಂದ ಅಲ್ಲಿಗೇ ಜಾರುತ್ತದೆ.

ಹಣ ಬಂದ ದಿನ ರಸೀದಿ

ಮಾಡು ಕಟ್ಟಿ ನಿಲ್ಲಿಸಿಕೊಡುವುದು ಜಿಎಸ್‌ಟಿಯ ಕಣ್ಣಿಗೆ ಸೇವೆ. ಸೇವೆಗೆ ಅಡ್ವಾನ್ಸು ಬಂದರೆ ಆಗಲೇ ಅದರ ಮೇಲೆ ತೆರಿಗೆ ಕೊಡಬೇಕಾಗುತ್ತದೆ. ಬರೀ ಶೀಟು ಮಾರುವವರಿಗೆ ಈ ಕಷ್ಟವಿಲ್ಲ. ಸರಕಿನ ಅಡ್ವಾನ್ಸಿನ ಮೇಲೆ ಆಗಲೇ ತೆರಿಗೆ ಕಟ್ಟುವ ನಿಯಮವನ್ನು 2017ರ ನವೆಂಬರಿನಲ್ಲೇ ತೆಗೆದರು.

ನಮ್ಮ ಒಂದು ಲಕ್ಷವನ್ನು 18ರಿಂದ ಗುಣಿಸಿ 118ರಿಂದ ಭಾಗಿಸಿದರೆ 15,254 ರೂಪಾಯಿ ಬರುತ್ತದೆ. ಒಂದು ಲಕ್ಷದೊಳಗಿನ ತೆರಿಗೆ ಅಷ್ಟೇ, 18,000 ಅಲ್ಲ. ರಸೀದಿಯಲ್ಲಿ ಅದರದೇ ನಂಬರು, ತಾರೀಕು, ಕೊಟೇಶನ್ ನಂಬರು, ಹಣ ಬಂದ ದಾರಿ ಇರಲಿ. ಬ್ಯಾಂಕಿನಿಂದ ಬಂದಿದ್ದರೆ ಯುಟಿಆರ್ ನಂಬರು ಕೂಡ. ಕೆಳಗೆ ‘ಇದರಲ್ಲಿ ಕೆಲಸದ ಮೊತ್ತ 84,746, ಜಿಎಸ್‌ಟಿ 15,254’ ಎಂದು ಬಿಡಿಸಿ ಬರೆಯಿರಿ. ಕೊನೆಯ ಬಿಲ್ಲು ಆ ತಿಂಗಳಲ್ಲೇ ಆಗದಿದ್ದರೆ ಈ ಅಡ್ವಾನ್ಸು ಜಿಎಸ್‌ಟಿಆರ್-1ರ 11ಎ ಪಟ್ಟಿಗೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ತಿಂಗಳಿನ ಬದಲು ಆ ಮೂರು ತಿಂಗಳ ಅವಧಿಯನ್ನೇ ನೋಡಿಕೊಳ್ಳಬೇಕು.

ಕೊನೆಯ ಬಿಲ್ಲು: ಸಾಲುಗಳ ಕ್ರಮ

ಅಡ್ವಾನ್ಸು ಕೆಲಸದ ಬೆಲೆಯನ್ನು ಕಡಿಮೆ ಮಾಡುವುದಿಲ್ಲ, ಕೊಡಬೇಕಾದ ಹಣವನ್ನು ಮಾತ್ರ ಕಡಿಮೆ ಮಾಡುತ್ತದೆ. ಆದ್ದರಿಂದ ಅದರ ಸ್ಥಾನ ಬಿಲ್ಲಿನ ಒಟ್ಟು ಮೊತ್ತದ ಕೆಳಗೆ.

```
1,260 ಚದರಡಿ × 250               3,15,000
ಸಿಜಿಎಸ್‌ಟಿ 9%                      28,350
ಎಸ್‌ಜಿಎಸ್‌ಟಿ 9%                    28,350
ಬಿಲ್ಲಿನ ಒಟ್ಟು ಮೊತ್ತ              3,71,700
ಕಳೆ: ಮುಂಗಡ (ರಸೀದಿ ನಂ., ತಾರೀಕು)  1,00,000
ಈಗ ಕೊಡಬೇಕಾದ ಬಾಕಿ                2,71,700
```

ಹದಿನೆಂಟು ಸಾವಿರ ಹೇಗೆ ಕಾಣೆಯಾಗುತ್ತದೆ ಎಂದು ಇಲ್ಲಿ ನೋಡಬಹುದು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಅಡ್ವಾನ್ಸಿಗೆ ಬೇರೆ ಜಾಗ ಸಿಗದೆ ಕೆಲವರು ಅದನ್ನು ಐಟಂ ಸಾಲಿನಲ್ಲಿ ಮೈನಸ್ ಒಂದು ಲಕ್ಷ ಎಂದು ಹಾಕಿಬಿಡುತ್ತಾರೆ. ಸಾಫ್ಟ್‌ವೇರು ಆ ಸಾಲಿಗೂ ಶೇ. 18 ತೆರಿಗೆ ಹಚ್ಚುತ್ತದೆ, ಅಂದರೆ ಇನ್ನೂ 18,000 ಕಳೆಯುತ್ತದೆ. ಒಂದು ಲಕ್ಷ ಕೊಟ್ಟವರಿಗೆ 1,18,000 ಕಳೆದುಕೊಟ್ಟಂತಾಯಿತು. ಮೇಲಾಗಿ ಬಿಲ್ಲಿನಲ್ಲಿ ಕಾಣುವ ತೆರಿಗೆ 38,700 ಮಾತ್ರ. ಅಡ್ವಾನ್ಸಿನಲ್ಲಿ ಕಟ್ಟಿದ 15,254 ಸೇರಿಸಿದರೂ 53,954 ಆಗುತ್ತದೆ, ಸೇರಬೇಕಾದದ್ದು 56,700. ಶಾಪಿನವರಿಗೂ ನಷ್ಟ, ಇಲಾಖೆಗೂ ಕಮ್ಮಿ.

ಪರೀಕ್ಷೆ ಸುಲಭ. ಬಾಕಿಗೆ ಅಡ್ವಾನ್ಸು ಕೂಡಿಸಿ. ಬಿಲ್ಲಿನ ಒಟ್ಟು ಮೊತ್ತ ಬರಬೇಕು. ಬಳಿಕ ಅಡಿ ಲೆಕ್ಕದ ಮೊತ್ತದ ಶೇ. 18 ಮಾಡಿ ನೋಡಿ. ಬಿಲ್ಲಿನ ತೆರಿಗೆಯೂ ಅದೇ ಇರಬೇಕು. ಎರಡರಲ್ಲಿ ಒಂದು ಕೂಡದಿದ್ದರೂ ಅಡ್ವಾನ್ಸು ತಪ್ಪು ಜಾಗದಲ್ಲಿ ಕುಳಿತಿದೆ.

ಬಿಲ್ಲು ಮಾಡಿದ ತಿಂಗಳ ಜಿಎಸ್‌ಟಿಆರ್-1ರಲ್ಲಿ ಪೂರ್ತಿ ಬಿಲ್ಲು ಹೋಗುತ್ತದೆ, ಹಿಂದೆ ತೋರಿಸಿದ ಅಡ್ವಾನ್ಸು 11ಬಿ ಪಟ್ಟಿಯಲ್ಲಿ ಕಳೆಯುತ್ತದೆ. 11ಬಿ ಮರೆತರೆ 15,254 ಎರಡು ಸಲ ಕಟ್ಟಿದ ಹಾಗೆ. ಟ್ಯಾಲಿ ಬಳಸುವವರು ಹಣ ಬಂದಾಗ `Advance` ಎಂದೂ, ಬಿಲ್ಲಿಗೆ ಜೋಡಿಸುವಾಗ `Agst Ref` ಎಂದೂ ಆರಿಸಲಿ. `On Account` ಎಂದು ಹಾಕಿದ ಹಣ ಯಾವ ಬಿಲ್ಲಿಗೂ ಅಂಟದೆ ಉಳಿಯುತ್ತದೆ. ಆರು ತಿಂಗಳ ಮೇಲೆ ಬಾಕಿ ಪಟ್ಟಿಯಲ್ಲಿ ಅದೇ ಗಿರಾಕಿಯ ಹೆಸರು ಪೂರ್ತಿ 3,71,700ರೊಂದಿಗೆ ಎದ್ದು ನಿಲ್ಲುವುದು ಹೀಗೆಯೇ.

ಗಡಿ ದಾಟಿದ ಕೆಲಸ

ಕಾಸರಗೋಡಿನವರಿಗೆ ಇದು ನಿತ್ಯದ ಪ್ರಶ್ನೆ. ಅಂಗಳ ಕುಂಬಳೆಯ ಬದಲು ವಿಟ್ಲದಲ್ಲೋ ಪುತ್ತೂರಿನಲ್ಲೋ ಇದ್ದರೆ, ಮಾಡು ನಿಂತ ಜಾಗವೇ ಲೆಕ್ಕಕ್ಕೆ ಬರುವುದರಿಂದ, ಕೇರಳದಲ್ಲಿ ನೋಂದಾಯಿಸಿದ ಶಾಪು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಿಟ್ಟು ಶೇ. 18 ಐಜಿಎಸ್‌ಟಿ ಹಾಕಬೇಕು. ಮೊತ್ತ ಬದಲಾಗದು. ಆದರೆ ಅಡ್ವಾನ್ಸಿನ ರಸೀದಿಯಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಬರೆದರೆ 11ಎ, 11ಬಿ ತಾಳೆಯಾಗುವುದಿಲ್ಲ. ರಸೀದಿ ಬರೆಯುವ ದಿನವೇ ಸೈಟು ಯಾವ ರಾಜ್ಯದಲ್ಲಿದೆ ಎಂದು ಕೇಳಿಕೊಳ್ಳಿ. ಬಿಲ್ಲು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಅಚ್ಚಾಗುವುದಿದ್ದರೆ, ಕೆಳಗೆ ಷರಾ ಜಾಗದಲ್ಲಿ ‘ನೀವು ಕೊಟ್ಟ 1,00,000 ಕಳೆದು ಬಾಕಿ 2,71,700’ ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಿದರೆ ಮನೆಯ ಹಿರಿಯರು ಫೋನು ಮಾಡಿ ಕೇಳುವ ತೊಂದರೆ ತಪ್ಪುತ್ತದೆ.

ಮೂಲದಲ್ಲೇ ತೆರಿಗೆ ಹಿಡಿದರೆ, ಕೆಲಸ ನಿಂತರೆ

ಗಿರಾಕಿ ಕಂಪೆನಿಯೋ ಸಂಘವೋ ಆಗಿದ್ದರೆ ಒಂದು ಲಕ್ಷದಲ್ಲಿ ಸಾವಿರ ಟಿಡಿಎಸ್ ಹಿಡಿದು 99,000 ಹಾಕಬಹುದು. ಬಿಲ್ಲಿನಲ್ಲಿ ಕಳೆಯಬೇಕಾದದ್ದು ಆಗಲೂ ಒಂದು ಲಕ್ಷವೇ; ಹಿಡಿದ ಸಾವಿರ ಶಾಪಿನವರ ಹೆಸರಿನಲ್ಲೇ ಸರ್ಕಾರಕ್ಕೆ ಜಮೆಯಾಗಿರುತ್ತದೆ. ಬ್ಯಾಂಕ್ ಪಾಸ್‌ಬುಕ್ ನೋಡಿ 99,000 ಕಳೆದರೆ ಗಿರಾಕಿಯ ಮೇಲೆ ಸಾವಿರ ಸುಮ್ಮನೆ ಬೀಳುತ್ತದೆ.

ಕೆಲಸ ಶುರುವಾಗದೆ ನಿಂತುಹೋಯಿತು, ಬಿಲ್ಲೇ ಆಗಿಲ್ಲ ಎಂದಾದರೆ ಅಡ್ವಾನ್ಸು ವಾಪಸು ಕೊಡುವಾಗ ರೀಫಂಡ್ ವೋಚರ್ ಬರೆದು ಅದರಲ್ಲಿ ಹಳೆ ರಸೀದಿಯ ನಂಬರು ಕಾಣಿಸಬೇಕು. ಕಬ್ಬಿಣ ಕತ್ತರಿಸಿದ ಮೇಲೆ ನಿಂತರೆ ಎಷ್ಟು ಹಿಡಿದುಕೊಂಡು ಎಷ್ಟು ಕೊಡುವುದು ಎಂಬುದಕ್ಕೆ ಕಾನೂನಿನಲ್ಲಿ ಸಿದ್ಧ ಅಂಕಿ ಇಲ್ಲ. ಅದನ್ನೂ ಕೊಟೇಶನ್ನಿನ ಆ ಅಡ್ವಾನ್ಸ್ ಸಾಲಿನ ಕೆಳಗೇ ಬರೆದು ಇಬ್ಬರೂ ಸಹಿ ಹಾಕಬೇಕು.