‘ಮದುವೆ ಯಾವಾಗಮ್ಮಾ?’ ಎಂದು ಇಂಟರ್‌ವ್ಯೂನಲ್ಲಿ ಕೇಳಿದರೆ

ಈ ಪ್ರಶ್ನೆಯ ಹಿಂದೆ ಹೆಚ್ಚಾಗಿ ಇರುವುದು ದುಡ್ಡು ಮತ್ತು ರಜೆಯ ಲೆಕ್ಕ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಇಎಸ್‌ಐ ಇದ್ದವರಿಗೆ ಆ ಹಣ ಅಲ್ಲಿಂದ ಬರುತ್ತದೆ. ಇಲ್ಲದವರಿಗೆ ಕಂಪನಿಯೇ ಕೊಡಬೇಕು. ಸಣ್ಣ ಕಂಪನಿಗಳು ಅಳುಕುವುದು ಇಲ್ಲೇ. ಅಳುಕು ನಿಜವೇ ಇರಬಹುದು, ಹಾಗಂತ ನಿಮ್ಮ ಮನೆ ವಿಷಯ ಅವರಿಗೆ ಒಪ್ಪಿಸಬೇಕಿಲ್ಲ.

ಮೊದಲು, ಆ ಕೆಲಸದಲ್ಲಿ ರಜೆ ಹಾಕಿದರೆ ಏನು ನಿಲ್ಲುತ್ತದೆ ಎಂದು ಮನೆಯಲ್ಲೇ ಯೋಚಿಸಿಕೊಳ್ಳಿ. ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಅಕೌಂಟೆಂಟ್ ಆಗಿ ಹೋಗುತ್ತಿದ್ದೀರಿ ಎನ್ನಿ. ಅಲ್ಲಿನ ನಿಜವಾದ ಭಯ ತಿಂಗಳ 20ರ ಜಿಎಸ್‌ಟಿ ರಿಟರ್ನ್, ಮಾರ್ಚ್ ಕೊನೆಯ ಲೆಕ್ಕ. ಉತ್ತರ ಅದರ ಸುತ್ತಲೇ ಇರಲಿ. ಒಂದೆರಡು ಸಲ ಬಾಯಿಬಿಟ್ಟು ಹೇಳಿ ನೋಡಿ. ಮನಸ್ಸಿನಲ್ಲಿ ಸರಿಯಾಗಿದ್ದ ಮಾತು ಬಾಯಿಗೆ ಬಂದಾಗ ಸಿಡುಕಿನಂತೆ ಕೇಳಿಸುವುದುಂಟು.

ಪ್ರಶ್ನೆ ಬಂದ ಕೂಡಲೇ ಉತ್ತರಿಸಬೇಡಿ, ಒಂದು ಉಸಿರು ಬಿಡಿ. ಆಮೇಲೆ ಹೀಗೆ ಕೇಳಬಹುದು: ‘ಸರ್, ರಜೆ ಬಗ್ಗೆ ಕೇಳ್ತಿದ್ದೀರಾ, ಇಲ್ಲಾ ಎಷ್ಟು ವರ್ಷ ಇರ್ತೀನಿ ಅಂತಾನಾ?’ ಅವರು ‘ಹುಡುಗಿಯರು ಮದುವೆಯಾಗಿ ಬಿಟ್ಟು ಹೋಗ್ತಾರಮ್ಮ’ ಎಂದರೆ, ‘ಹಿಂದಿನ ಕಂಪನಿಯಲ್ಲಿ ಮೂರು ವರ್ಷ ಇದ್ದೆ ಸರ್, ರಿಟರ್ನ್ ಒಂದೂ ತಡ ಆಗಿಲ್ಲ. ರಜೆ ಹಾಕಿದಾಗ ಇನ್ನೊಬ್ಬರು ನೋಡಿಕೊಳ್ಳೋ ಹಾಗೆ ಬರೆದಿಟ್ಟು ಹೋಗ್ತಿದ್ದೆ’ ಎನ್ನಿ. ಇದರಲ್ಲಿ ಮದುವೆಯ ಮಾತೇ ಇಲ್ಲ, ನೋಡಿ. ಆದರೆ ನಿಜ ಇದ್ದಷ್ಟೇ ಹೇಳಿ. ಹಳೆಯ ಕಂಪನಿಗೆ ಒಂದು ಫೋನ್ ಮಾಡಿದರೆ ಗೊತ್ತಾಗಿಬಿಡುತ್ತದೆ.

ಮತ್ತೆ ಕೆದಕಿದರೆ, ‘ಅದು ಮನೆ ವಿಷಯ ಸರ್, ಕೆಲಸಕ್ಕೆ ತೊಂದರೆ ಆಗದ ಹಾಗೆ ನೋಡ್ಕೋತೀನಿ’ ಎಂದು ಹೇಳಿ ಸುಮ್ಮನಾಗಿ. ಆ ಮೌನವನ್ನು ನೀವೇ ತುಂಬಲು ಹೋಗಬೇಡಿ. ಜಾಸ್ತಿ ಜನ ಎಡವುವುದು ಅಲ್ಲಿ. ‘ಇನ್ನೆರಡು ವರ್ಷ ಮಕ್ಕಳು ಬೇಡ ಅಂದ್ಕೊಂಡಿದ್ದೀವಿ’ ಎಂಬ ಮಾತು ಬಾಯಿ ತಪ್ಪಿ ಬಂದುಬಿಡುತ್ತದೆ. ನಾಳೆ ರಜೆ ಕೇಳುವಾಗ ಅದನ್ನೇ ಎತ್ತಿ ಆಡುತ್ತಾರೆ. ಕಾನೂನಿನ ಪಾಠ ಶುರು ಮಾಡುವುದೂ ಬೇಡ. ಅದರಿಂದ ಕೆಲಸ ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ.

ಹೊರಗೆ ಬಂದ ಮೇಲೆ ತಾರೀಕು, ಕೇಳಿದವರ ಹೆಸರು, ಅವರ ಮಾತು ಬರೆದಿಡಿ. ದೂರು ಕೊಡುವುದಾದರೆ ಬೇಕಾಗುತ್ತದೆ.

ಇದೇ ಪ್ರಶ್ನೆ ಕೆಲವೊಮ್ಮೆ ಫಾರಂನಲ್ಲಿ ಬರುತ್ತದೆ. ಎಲ್‌ಐಸಿಯ ಫಾರಂನಲ್ಲಿ ಮುಟ್ಟು, ಗರ್ಭದ ವಿವರ ಕೇಳುವ ಕಾಲಂಗಳಿದ್ದವು. ಅದರಲ್ಲಿ ಸುಳ್ಳು ಬರೆದರೆಂದು ಪ್ರೊಬೇಷನ್‌ನಲ್ಲಿದ್ದ ಮಹಿಳೆಯನ್ನು ಕೆಲಸದಿಂದ ತೆಗೆದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಕೆಲಸಕ್ಕೆ ಸೇರಿಸಿತು, ಆ ಕಾಲಂಗಳನ್ನೂ ತೆಗೆಯಲು ಹೇಳಿತು. ಆದರೂ ಇದನ್ನು ನಂಬಿಕೊಂಡು ಸುಳ್ಳು ಬರೆಯಬೇಡಿ. ಅವರು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು ಅಲ್ವಾ? ಅಂಥ ಕಾಲಂ ಕಂಡರೆ ಖಾಲಿ ಬಿಡಿ. ಕೇಳಿದರೆ, ‘ಕೆಲಸಕ್ಕೆ ಬೇಕಾದ ವಿವರ ಎಲ್ಲಾ ಕೊಟ್ಟಿದ್ದೀನಿ ಸರ್’ ಎಂದರೆ ಸಾಕು.