ರಾತ್ರಿಯಿಡೀ ಆಟ ಹಿಡಿಯುವ ಕಾರ್ಡನ್ನು ನಾನು ಪರೀಕ್ಷಿಸುವ ಬಗೆ

ಕುಂಬಳೆ, ಬದಿಯಡ್ಕದ ಕಡೆ ಯಕ್ಷಗಾನ ರೆಕಾರ್ಡ್ ಮಾಡುವವರಲ್ಲಿ ಹೆಚ್ಚಿನವರು ಹೊಸ ಮೆಮೊರಿ ಕಾರ್ಡಿಗೆ ಒಂದು ಸಿನಿಮಾ ಕಾಪಿ ಮಾಡಿ, ಅದು ಓಡಿದರೆ ಸರಿ ಎನ್ನುತ್ತಾರೆ. ಇಡೀ ಕಾರ್ಡು ತುಂಬಿಸಿ ನೋಡುವುದು ವ್ಯರ್ಥ ಕೆಲಸ ಎಂದು ನನಗೂ ಹೇಳಿದವರಿದ್ದಾರೆ. ಈಗ ಅವರೇ ಕಾರ್ಡು ತಂದು ನನ್ನ ಮೇಜಿನ ಮೇಲಿಡುತ್ತಾರೆ.

ನಕಲಿ ಕಾರ್ಡಿನ ಒಳಗೆ 32 ಜಿಬಿ ಇದ್ದರೂ ಅದರ ಕಂಟ್ರೋಲರ್ 128 ಎಂದೇ ಹೇಳುತ್ತದೆ. ಫಾರ್ಮ್ಯಾಟ್ ಮಾಡಿದರೂ ಅದೇ ಲೆಕ್ಕ. ಒಂದು ಸಿನಿಮಾ ನಿಜವಾದ ಜಾಗದಲ್ಲೇ ಕೂರುವುದರಿಂದ ಚೆನ್ನಾಗಿ ಓಡುತ್ತದೆ. ಆಟದ ರಾತ್ರಿ ಹಾಗಲ್ಲ. 24 ಮೆಗಾಬಿಟ್‌ನಲ್ಲಿ ಹಿಡಿದರೆ ಗಂಟೆಗೆ ಸುಮಾರು 11 ಜಿಬಿ ಬೇಕು. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ನಡುರಾತ್ರಿ ಒಂದರ ಹೊತ್ತಿಗೆ ಕಾರ್ಡು ಮುಗಿಯಿತು, ಆದರೆ ಕ್ಯಾಮೆರಾ ಬೆಳಗಿನವರೆಗೂ ಬರೆಯುತ್ತಲೇ ಇರುತ್ತದೆ. ಕೆಲವು ಕಾರ್ಡು ಆಮೇಲಿನದ್ದನ್ನು ಎಸೆಯುತ್ತವೆ, ಕೆಲವು ಮೊದಲಿನದರ ಮೇಲೆಯೇ ಬರೆಯುತ್ತವೆ. ಫೈಲಿನ ಹೆಸರು, ಗಾತ್ರ ಎರಡೂ ಕಾಣಬಹುದು, ಒಳಗೆ ಏನೂ ಇಲ್ಲ. ಮುನ್ನೂರು ರೂಪಾಯಿಯ ಕಾರ್ಡಿಗೆ ಒಂದು ರಾತ್ರಿಯ ಬಾಡಿಗೆ ಹೋಗುವುದು ಹೀಗೆ.

ಖಾಲಿ ಕಾರ್ಡು ಹಾಕಿ, ಲಿನಕ್ಸಿನಲ್ಲಿ F3 ಎಂಬ ತಂತ್ರಾಂಶದಿಂದ ನಾನು ಓಡಿಸುವುದು ಇಷ್ಟೇ:

```
f3write /media/card/
f3read /media/card/
```

ಮೊದಲನೆಯದು ಜಾಗವನ್ನೆಲ್ಲ ತುಂಬಿಸುತ್ತದೆ, ಎರಡನೆಯದು ಓದಿ ಹೋಲಿಸುತ್ತದೆ. ನಡುವೆ ಕಾರ್ಡು ತೆಗೆದು ಮತ್ತೆ ಹಾಕಬೇಕು, ಇಲ್ಲದಿದ್ದರೆ ಕಂಪ್ಯೂಟರಿನ ರ‍್ಯಾಮಿನಲ್ಲಿ ಉಳಿದದ್ದನ್ನೇ ಓದಿ ಸರಿ ಎಂದುಬಿಡಬಹುದು. `Data LOST` ಸೊನ್ನೆ ಬರಬೇಕು. ಮೇಲಿನ ನಕಲಿಯಲ್ಲಿ `Data OK` ಮೂವತ್ತರ ಹತ್ತಿರ ನಿಂತು, ಉಳಿದ ಎಂಬತ್ತೊಂಬತ್ತರಷ್ಟು ಕಳೆದುಹೋದ ಲೆಕ್ಕಕ್ಕೆ ಬರುತ್ತದೆ. ವಿಂಡೋಸ್ ಇದ್ದವರಿಗೆ H2testw ಸಾಕು. 128ರ ಕಾರ್ಡು ವಿಂಡೋಸಿನಲ್ಲಿ 119 ಎಂದು ತೋರಿಸಿದರೆ ನಕಲಿ ಎಂದು ಹಿಂದಿರುಗಿಸಬೇಡಿ, ಎಣಿಸುವ ಕ್ರಮದ ವ್ಯತ್ಯಾಸ ಅದು. ಹಳೆಯ ಯುಎಸ್‌ಬಿ 2 ರೀಡರಿನಲ್ಲಿ ಬರೆಯಲು ಒಂದೂಮುಕ್ಕಾಲು ಗಂಟೆ, ಓದಲು ಹೆಚ್ಚುಕಡಿಮೆ ಅಷ್ಟೇ. ಯುಎಸ್‌ಬಿ 3 ರೀಡರಿಗೆ ಹಾಕಿದ ದುಡ್ಡು ಬೇಗ ಹುಟ್ಟುತ್ತದೆ.

ವೇಗವೂ ಇದೇ ಪರೀಕ್ಷೆಯಲ್ಲಿ ಸಿಗುತ್ತದೆ. ಮೇಲೆ ದೊಡ್ಡದಾಗಿ ಅಚ್ಚಾದ 150 ಎಂಬಿ ಸಾಮಾನ್ಯವಾಗಿ ಓದುವ ವೇಗ, ನಮಗೆ ಬೇಕಾದದ್ದು ಬರೆಯುವ ವೇಗ. C ಒಳಗಿನ 10 ಅಥವಾ U ಒಳಗಿನ 1 ಇದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ, U ಒಳಗೆ 3 ಅಥವಾ V30 ಇದ್ದರೆ 30 ಎಂಬಿ. ರೋಮನ್ I ಬರೀ ಸಂಪರ್ಕದ ಜಾತಿ, ಅದರಿಂದ ಬರೆಯುವ ವೇಗ ತಿಳಿಯದು. ಕ್ಯಾಮೆರಾದ ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿ: 24ಕ್ಕೆ 3 ಎಂಬಿ, C10 ಧಾರಾಳ. 100ಕ್ಕೆ ಹನ್ನೆರಡೂವರೆ, ಅಲ್ಲಿ V30 ಬೇಕು. ಒಳ್ಳೆಯ ರೀಡರಿನಲ್ಲೂ V30 ಕಾರ್ಡು 12ರಲ್ಲೇ ತೆವಳಿದರೆ ಆ ಗುರುತು ಬರೀ ಅಚ್ಚು.

ಕಾರ್ಡಿನ ಒಳಗುರುತು ಓದಿ ತಯಾರಕರನ್ನು ಹಿಡಿಯುವ ದಾರಿಯೂ ಒಂದಿದೆ, ಅದು ಸದ್ಯ ನನ್ನಲ್ಲೇ ಇರಲಿ. ಸಿಕ್ಕಿಬಿದ್ದ ನಕಲಿಗಳನ್ನು `f3probe`ನಿಂದ ಅಳೆದು, ಅದು ಹೇಳಿದ `f3fix` ಆಜ್ಞೆಯಿಂದ ನಿಜವಾದ 30 ಜಿಬಿಗೆ ಕತ್ತರಿಸಿ ನೋಡಿದ್ದೇನೆ. ಮೈಕಿನವರಿಗೆ ಹಾಡು ತುಂಬಿಸಿಕೊಡಲು ಸಾಕು. ಕ್ಯಾಮೆರಾದಲ್ಲಿ ಮತ್ತೆ ಫಾರ್ಮ್ಯಾಟ್ ಮಾಡಿದವರಿಗೆ ಮಾತ್ರ ಅದು ಪುನಃ 128 ಆಗಿಬಿಡಬಹುದು, ಹಾಗಾಗಿ ಮೇಲೆ ಶಾಯಿಯಲ್ಲಿ 30 ಎಂದು ಬರೆದೇ ಕೊಡುತ್ತೇನೆ.